ಹಿಯರಿಂಗ್ ಬೆಂಗಳೂರಿನಲ್ಲಿ, ಸೀಟ್ ಲಂಡನ್ನಿನಲ್ಲಿ: ಸಹಿಗೆ ಮುನ್ನ ಆ ಕಲಮನ್ನು ಓದುವ ಬಗೆ

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಕಾರ್ಖಾನೆಗಳ ತ್ಯಾಜ್ಯನೀರು ಶುದ್ಧೀಕರಣದ ಬಗ್ಗೆ ಸ್ವತಂತ್ರವಾಗಿ ಕನ್ಸಲ್ಟೆನ್ಸಿ ಮಾಡುತ್ತೇನೆ. ಲಂಡನ್ನಿನ ಕಂಪನಿಯೊಂದು ತಿಂಗಳಿಗೆ 4,000 ಪೌಂಡ್‌ನಂತೆ ಒಂದು ವರ್ಷದ ಸರ್ವಿಸ್ ಅಗ್ರಿಮೆಂಟ್ ಕಳಿಸಿದೆ. ಅದರ 17ನೇ ಕಲಮಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಕಾನೂನು ಅನ್ವಯ ಅಂತ ಇದೆ, ಜಗಳ ಬಂದರೆ ಎಲ್‌ಸಿಐಎ ಅನ್ನುವ ಲಂಡನ್ನಿನ ಸಂಸ್ಥೆಯ ನಿಯಮದಂತೆ ಆರ್ಬಿಟ್ರೇಷನ್, ಸೀಟ್ ಲಂಡನ್, ಹಿಯರಿಂಗ್ ಬೆಂಗಳೂರಿನಲ್ಲಿ ನಡೆಸಬಹುದು ಅಂತಲೂ ಇದೆ. ಹಿಯರಿಂಗ್ ಇಲ್ಲೇ ಆಗುವುದಾದರೆ ನನಗೆ ತೊಂದರೆ ಇಲ್ಲ ಅಲ್ಲವೇ ಸರ್? ಸಹಿ ಹಾಕಬಹುದೇ?

ಉತ್ತರ: ಈಗಲೇ ಸಹಿ ಹಾಕಬೇಡಿ. ನಿಮಗೆ ಸಮಾಧಾನ ಕೊಟ್ಟಿರುವ ಆ ಕೊನೆಯ ವಾಕ್ಯಕ್ಕೆ ಈ ಕಲಮಿನಲ್ಲಿ ಅತಿ ಕಡಿಮೆ ತೂಕ. ಬೆಂಗಳೂರಿನ ಹೋಟೆಲಿನ ಕೋಣೆಯೊಂದರಲ್ಲಿ ನಾಲ್ಕು ದಿನ ಕೂತು ವಿಚಾರಣೆ ನಡೆಸಿದರೂ ಆ ಆರ್ಬಿಟ್ರೇಷನ್ ಕಾನೂನಿನ ಕಣ್ಣಿಗೆ ಲಂಡನ್ನಿನದ್ದೇ. ಅದರ ಮೇಲೆ ಕೈ ಇಡುವ ಅಧಿಕಾರ ಇರುವುದು ಇಂಗ್ಲೆಂಡಿನ ಕೋರ್ಟಿಗೆ. ನಿಮ್ಮ ಹುಬ್ಬಳ್ಳಿ ಕೋರ್ಟಿಗಾಗಲಿ ಕರ್ನಾಟಕ ಹೈಕೋರ್ಟಿಗಾಗಲಿ ಆ ಅಧಿಕಾರವಿಲ್ಲ. ನೀವು ಕಂಪನಿಯ ಜೊತೆ ಚೌಕಾಸಿ ಮಾಡಬೇಕಾದದ್ದು ಈ ಸೀಟ್ ಅನ್ನುವ ಒಂದು ಪದದ ಮೇಲೆ. ಇಂಗ್ಲೆಂಡಿನ ಕಾನೂನು ಅನ್ವಯ ಅನ್ನುವ ವಾಕ್ಯ ನೋಡಿ ಹೆದರುವವರೇ ಹೆಚ್ಚು, ಆದರೆ ಅದನ್ನು ಹಾಗೇ ಬಿಟ್ಟರೂ ದೊಡ್ಡ ನಷ್ಟವಿಲ್ಲ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಆರ್ಬಿಟ್ರೇಷನ್ ಅನ್ನುವ ಮಾತನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ಇದಕ್ಕೆ ಮಧ್ಯಸ್ಥಿಕೆ ಅನ್ನುತ್ತೇವೆ, ಮೀಡಿಯೇಷನ್‌ಗೂ ಅದೇ ಪದ ಬಳಸುತ್ತೇವೆ. ಇದರಿಂದ ಎಷ್ಟೋ ಜನ ಇದನ್ನು ಊರ ಹಿರಿಯರು ಕೂಡಿಸಿ ರಾಜಿ ಮಾಡಿಸುವ ಹಾಗೆ ಅಂದುಕೊಳ್ಳುತ್ತಾರೆ. ರಾಜಿ ಪಂಚಾಯ್ತಿಯಲ್ಲಿ ನಿಮಗೆ ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು. ಆರ್ಬಿಟ್ರೇಷನ್‌ನಲ್ಲಿ ಹಾಗಿಲ್ಲ. ಅಲ್ಲಿ ಕೂತವರು ಸಾಕ್ಷಿ ಕೇಳಿ, ದಾಖಲೆ ನೋಡಿ, ಐತೀರ್ಪು ಕೊಡುತ್ತಾರೆ. ಅದು ಕೋರ್ಟಿನ ಡಿಕ್ರಿಯಷ್ಟೇ ಬಿಗಿ, ಒಂದರ್ಥದಲ್ಲಿ ಅದಕ್ಕಿಂತ ಬಿಗಿ, ಏಕೆಂದರೆ ತೀರ್ಪು ತಪ್ಪಾಗಿದೆ ಅಂತ ಮೇಲಿನ ಕೋರ್ಟಿಗೆ ಅಪೀಲು ಹೋಗುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಕಲಮಿನಲ್ಲಿ ಜಗಳಗಳನ್ನು ಆರ್ಬಿಟ್ರೇಷನ್ ಮೂಲಕ ‘ಫೈನಲಿ’ ತೀರ್ಮಾನಿಸತಕ್ಕದ್ದು ಅಂತ ಇರುತ್ತದೆ. ತಕ್ಕದ್ದು ಅನ್ನುವ ಆ ‘ಶಲ್’ ಮತ್ತು ‘ಫೈನಲಿ’ ಎರಡೂ ಸೇರಿದಾಗ ಮಾಮೂಲಿ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದಂತೆ. ನೀವು ಹುಬ್ಬಳ್ಳಿಯಲ್ಲಿ ಹಣ ವಸೂಲಿ ದಾವೆ ಹಾಕಿದರೆ ಎದುರುಪಕ್ಷದ ವಕೀಲರು ಈ ಕಲಮು ತೋರಿಸುತ್ತಾರೆ. ವಿದೇಶಿ ಸೀಟ್ ಇರುವ ಒಪ್ಪಂದವಾದರೆ ನಮ್ಮ 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ನ್ಯಾಯಾಧೀಶರು ನಿಮ್ಮನ್ನು ಆರ್ಬಿಟ್ರೇಷನ್‌ಗೇ ಕಳಿಸುತ್ತಾರೆ.

ಇದೇ ಜಾಗದಲ್ಲಿ ಕೆಲವರ ಅಗ್ರಿಮೆಂಟಿನಲ್ಲಿ ‘ಪಾರ್ಟಿಗಳು ಹಾಗೆ ತೀರ್ಮಾನಿಸಿದರೆ’ ಆರ್ಬಿಟ್ರೇಷನ್‌ಗೆ ಒಪ್ಪಿಸಲಾಗುವುದು ಅಂತ ಇರುತ್ತದೆ. ಅಂಥದ್ದು ಆರ್ಬಿಟ್ರೇಷನ್ ಒಪ್ಪಂದವೇ ಅಲ್ಲ, ಮುಂದೆ ಒಪ್ಪಬಹುದು ಅನ್ನುವ ಆಸೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಜಗದೀಶ್ ಚಂದರ್ ಪ್ರಕರಣದಲ್ಲಿ ಹೇಳಿದೆ. ನಿಮ್ಮದು ಹಾಗಿಲ್ಲ, ಗಟ್ಟಿಯಾಗಿಯೇ ಇದೆ.

ಈಗ ಗವರ್ನಿಂಗ್ ಲಾ. ಇದು ಅಳತೆಗೋಲು. ನೀವು ಮಾಡಿದ ಕೆಲಸ ಒಪ್ಪಂದದಂತೆ ಇದೆಯೇ, ಬಿಲ್ಲು ತಡೆಹಿಡಿಯುವ ಹಕ್ಕು ಅವರಿಗಿತ್ತೇ, ನಷ್ಟ ಎಷ್ಟು, ಬಡ್ಡಿ ಎಷ್ಟು, ಇವನ್ನು ಯಾವ ದೇಶದ ಕರಾರು ಕಾನೂನಿನಿಂದ ಅಳೆಯಬೇಕು ಅನ್ನುವುದಷ್ಟೇ ಈ ವಾಕ್ಯದ ಕೆಲಸ. ಯಾವ ಕೋರ್ಟು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಂಗಳೂರಿನಲ್ಲಿ ಕೂತ ಆರ್ಬಿಟ್ರೇಟರ್ ಇಂಗ್ಲೆಂಡಿನ ಕಾನೂನಿನಂತೆ ತೀರ್ಪು ಕೊಡಬಹುದು. ಒಂದು ಪಕ್ಷ ವಿದೇಶಿಯಾಗಿದ್ದರೆ ನಮ್ಮ ಕಾಯ್ದೆಯ 28ನೇ ಸೆಕ್ಷನ್ ಅದಕ್ಕೆ ಸ್ಪಷ್ಟವಾಗಿ ಅವಕಾಶ ಕೊಡುತ್ತದೆ.

ಅಳತೆಗೋಲು ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಕಸುಬಿಗೇ ಹತ್ತಿರದ ಮಾತು ಹೇಳುತ್ತೇನೆ. ಬಾಕಿ ಹಣ ಕೇಳಲು ನಮ್ಮಲ್ಲಿ ಸಾಮಾನ್ಯ ಗಡುವು 3 ವರ್ಷ, ಇಂಗ್ಲೆಂಡಿನಲ್ಲಿ 6 ವರ್ಷ. ವ್ಯಾಪಾರದ ಬಿಲ್ಲು ತಡವಾದರೆ ಅಲ್ಲಿನ 1998ರ ಕಾಯ್ದೆಯೊಂದು ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ ಶೇಕಡಾ 8ರಷ್ಟು ಬಡ್ಡಿ ಕೊಡಿಸುತ್ತದೆ. ಹಾಗಾಗಿ ನಿಮ್ಮ ಅಗ್ರಿಮೆಂಟಿನ ಪೇಮೆಂಟ್ ಕಲಮಿನಲ್ಲಿ ತೀರಾ ಕಡಿಮೆ ಬಡ್ಡಿ ಬರೆದು ಈ ಲಾಭವನ್ನು ತಪ್ಪಿಸಲು ನೋಡಿದ್ದಾರೆಯೇ ಅಂತ ತಿರುವಿ ನೋಡಿ. ಇವೆರಡರಲ್ಲೂ ಇಂಗ್ಲೆಂಡಿನ ಕಾನೂನು ನಿಮ್ಮ ಪರ. ವಿರುದ್ಧ ಇರುವುದೂ ಉಂಟು. ಕೆಲಸ ಮುಗಿದ ಮೇಲೆ ಇಷ್ಟು ತಿಂಗಳು ಪ್ರತಿಸ್ಪರ್ಧಿ ಕಂಪನಿಗೆ ಕೆಲಸ ಮಾಡಬಾರದು ಅನ್ನುವ ಷರತ್ತು ಇದ್ದರೆ, ನಮ್ಮ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅದು ಅನೂರ್ಜಿತ. ಇಂಗ್ಲೆಂಡಿನಲ್ಲಿ ಹಾಗಲ್ಲ, ಅವಧಿ ಮತ್ತು ವ್ಯಾಪ್ತಿ ಸಮಂಜಸವಾಗಿದ್ದರೆ ಎತ್ತಿಹಿಡಿಯುತ್ತಾರೆ. ನಿಮಗಿರುವುದು ಹತ್ತಾರು ಗಿರಾಕಿಗಳ ಕಸುಬು. ಆದ್ದರಿಂದ ಗವರ್ನಿಂಗ್ ಲಾ ಬದಲಾಯಿಸಿ ಅಂತ ಹಟ ಹಿಡಿಯುವುದಕ್ಕಿಂತ ಆ ನಿರ್ಬಂಧದ ಷರತ್ತು ಇದ್ದರೆ ಅದನ್ನೇ ತೆಗೆಸಿ. ಕಂಪನಿಗಳು ಅದಕ್ಕೆ ಬೇಗ ಒಪ್ಪುತ್ತವೆ.

ಇನ್ನು ಸೀಟ್. ಈ ಪದವೇ ದಾರಿ ತಪ್ಪಿಸುತ್ತದೆ. ಕೂರುವ ಜಾಗ ಅನ್ನಿಸುತ್ತದೆ, ಆದರೆ ಅದಲ್ಲ. ಕೆಎ 25 ನಂಬರಿನ ಗಾಡಿಯನ್ನು ನೀವು ವರ್ಷವಿಡೀ ಗೋವಾದಲ್ಲಿ ಓಡಿಸಿದರೂ ಅದರ ದಾಖಲೆ ಇರುವುದು ಧಾರವಾಡದ ಆರ್‌ಟಿಒದಲ್ಲಿ. ಸೀಟ್ ಅಂದರೆ ಆರ್ಬಿಟ್ರೇಷನ್ ನೋಂದಾಯಿತವಾದ ಊರು ಅಂತ ತಿಳಿಯಿರಿ. ಹಿಯರಿಂಗ್ ನಡೆಯುವ ಜಾಗಕ್ಕೆ ವೆನ್ಯೂ ಅನ್ನುತ್ತಾರೆ, ಅದು ಗಾಡಿ ನಿಂತ ರಸ್ತೆ ಮಾತ್ರ. ನಮ್ಮ ಕಾಯ್ದೆಯ 20ನೇ ಸೆಕ್ಷನ್ ಎರಡನ್ನೂ ಬೇರೆ ಮಾಡಿದೆ: ಪಾರ್ಟಿಗಳು ಸ್ಥಳವನ್ನು ಒಪ್ಪಿಕೊಳ್ಳಬಹುದು, ಆದರೆ ಸಾಕ್ಷಿ ಕೇಳಲು, ದಾಖಲೆ ನೋಡಲು ಆರ್ಬಿಟ್ರೇಟರ್‌ಗಳು ಅನುಕೂಲವಾದ ಬೇರೆ ಕಡೆಯೂ ಸೇರಬಹುದು. ಇಂಗ್ಲೆಂಡಿನ 1996ರ ಕಾಯ್ದೆಯೂ ಸೀಟ್ ಅಂದರೆ ಕಾನೂನಿನ ನೆಲೆ ಅಂತಲೇ ಹೇಳುತ್ತದೆ.

2012ರ ಬಾಲ್ಕೊ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಇತ್ಯರ್ಥ ಮಾಡಿತು. ಸೀಟ್ ಭಾರತದ ಹೊರಗಿದ್ದರೆ ನಮ್ಮ ಕಾಯ್ದೆಯ ಮೊದಲ ಭಾಗ, ಆಮೇಲೆ 2015ರ ತಿದ್ದುಪಡಿ ಬಿಟ್ಟುಕೊಟ್ಟ ಕೆಲವು ಸೆಕ್ಷನ್‌ಗಳ ಹೊರತು, ಅನ್ವಯಿಸುವುದಿಲ್ಲ. ಅಂದರೆ ಐತೀರ್ಪನ್ನು ರದ್ದು ಮಾಡಿ ಅಂತ 34ನೇ ಸೆಕ್ಷನ್ ಕೆಳಗೆ ಇಲ್ಲಿನ ಕೋರ್ಟಿಗೆ ಹೋಗುವಂತಿಲ್ಲ. 2017ರ ಇಂಡಸ್ ಮೊಬೈಲ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸೀಟ್ ಅಂತ ಒಂದು ಊರನ್ನು ಬರೆದರೆ ಆ ಊರಿನ ಕೋರ್ಟಿಗೆ ಮಾತ್ರ ಅಧಿಕಾರ, ಅಲ್ಲಿ ವ್ಯವಹಾರದ ಒಂದೆಳೆಯೂ ನಡೆದಿರದಿದ್ದರೂ ಸರಿ. ಆಮೇಲೆ 2019ರ ಬಿಜಿಎಸ್ ಎಸ್‌ಜಿಎಸ್ ಸೋಮ ತೀರ್ಪು. ಕಲಮಿನಲ್ಲಿ ಸೀಟ್ ಅನ್ನುವ ಪದವೇ ಇಲ್ಲದೆ ಆರ್ಬಿಟ್ರೇಷನ್ ನಡಾವಳಿ ಇಂಥ ಊರಿನಲ್ಲಿ ನಡೆಯತಕ್ಕದ್ದು ಅಂತ ಮಾತ್ರ ಇದ್ದು, ಅದಕ್ಕೆ ವಿರುದ್ಧವಾದ ಸೂಚನೆ ಬೇರೆಲ್ಲೂ ಇಲ್ಲದಿದ್ದರೆ ಆ ವೆನ್ಯೂವನ್ನೇ ಸೀಟ್ ಅಂತ ಓದಬೇಕು ಅಂತ ಅದು ಹೇಳಿತು. ಈ ತೀರ್ಪಿನ ಬಗ್ಗೆ ಎಲ್ಲೋ ಓದಿ, ಬೆಂಗಳೂರು ಅಂತ ಬರೆದಿದ್ದಾರಲ್ಲ, ಸಾಕು ಅನ್ನುವವರು ನನ್ನ ಬಳಿ ಬಂದಿದ್ದಾರೆ. ಸಾಲದು. ನಿಮ್ಮ ಕಲಮಿನಲ್ಲಿ ಸೀಟ್ ಲಂಡನ್ ಅಂತ ಕಪ್ಪು ಅಕ್ಷರದಲ್ಲಿದೆ, ಬೆಂಗಳೂರಿನ ಮುಂದೆ ‘ನಡೆಸಬಹುದು’ ಅಂತ ಮಾತ್ರ ಇದೆ. ಊಹೆಗೆ ಅಲ್ಲಿ ಜಾಗವೇ ಇಲ್ಲ.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ಅನ್ನುವುದನ್ನು ಒಂದು ಕೇಸಿನಿಂದ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಿಮ್ಮಂಥ ಕನ್ಸಲ್ಟೆಂಟ್ ಒಬ್ಬರು ಐತೀರ್ಪಿನ ಪ್ರತಿ ಹಿಡಿದು ನನ್ನ ಕಚೇರಿಗೆ ಬಂದರು. ಸೀಟ್ ಲಂಡನ್, ವಿಚಾರಣೆಯೆಲ್ಲ ಆನ್‌ಲೈನ್, ಅವರು ಮನೆಯ ಊಟದ ಮೇಜಿನಿಂದಲೇ ಭಾಗವಹಿಸಿದ್ದರು. ಎದುರುಪಕ್ಷ ಕೊಟ್ಟ ಮುಖ್ಯ ದಾಖಲೆಯೊಂದಕ್ಕೆ ಉತ್ತರಿಸಲು ತಮಗೆ ಅವಕಾಶವನ್ನೇ ಕೊಡಲಿಲ್ಲ ಅನ್ನುವುದು ಅವರ ದೂರು, ಓದಿದಾಗ ನನಗೂ ಅದರಲ್ಲಿ ಹುರುಳು ಕಂಡಿತು. ಯಾವಾಗ ಬಂತು ಈ ಐತೀರ್ಪು ಅಂತ ಕೇಳಿದೆ. ಅವರು ನೆಮ್ಮದಿಯಿಂದಲೇ ಹೇಳಿದರು: “ಆರು ವಾರ ಆಯ್ತು ಸರ್. ಮೂರು ತಿಂಗಳು ಟೈಮ್ ಇದೆಯಲ್ಲ.” ಮೂರು ತಿಂಗಳು ಇರುವುದು ನಮ್ಮ 34ನೇ ಸೆಕ್ಷನ್‌ನಲ್ಲಿ. ಲಂಡನ್ ಸೀಟಿನ ಐತೀರ್ಪನ್ನು ಪ್ರಶ್ನಿಸಲು ಇಂಗ್ಲೆಂಡಿನ ಕಾಯ್ದೆ ಕೊಡುವುದು 28 ದಿನ. ಅದು ಮುಗಿದು ಎರಡು ವಾರವಾಗಿತ್ತು. ಗಡುವು ವಿಸ್ತರಿಸಿ ಅಂತ ಅಲ್ಲಿನ ಕೋರ್ಟನ್ನು ಕೇಳಬಹುದಿತ್ತು, ಆದರೆ ಅದಕ್ಕೇ ಆಗುವ ವಕೀಲರ ಖರ್ಚು ಜಗಳದ ಮೊತ್ತವನ್ನೇ ನುಂಗುತ್ತಿತ್ತು. ಅವರು ಕೈಬಿಟ್ಟರು. ಅವರ ಅಗ್ರಿಮೆಂಟಿನಲ್ಲಿ ಸೀಟ್ ಅನ್ನುವ ಪದದ ಕೆಳಗೆ ಯಾರೂ ಒಂದು ಗೆರೆ ಎಳೆದು ತೋರಿಸಿರಲಿಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಈಗ ನಿಮ್ಮದೇ ಲೆಕ್ಕ ಹಿಡಿಯೋಣ. ಆರು ತಿಂಗಳು ಹಣ ಸರಿಯಾಗಿ ಬಂತು, ಆಮೇಲೆ ವರದಿ ತೃಪ್ತಿಕರವಾಗಿಲ್ಲ ಅಂತ ಮೂರು ಬಿಲ್ಲು ನಿಲ್ಲಿಸಿದರು ಅನ್ನಿ. ಬಾಕಿ 12,000 ಪೌಂಡ್.

ಕಲಮು ಈಗಿರುವಂತೆಯೇ ಇದ್ದರೆ ನೀವು ಎಲ್‌ಸಿಐಎಗೆ, ಅಂದರೆ ಲಂಡನ್ನಿನ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಕೋರ್ಟಿಗೆ, ಅರ್ಜಿ ಮತ್ತು ನೋಂದಣಿ ಶುಲ್ಕ ಕಳಿಸಬೇಕು. ಹೆಸರಿನಲ್ಲಿ ಕೋರ್ಟ್ ಅಂತ ಇದ್ದರೂ ಅದು ಆರ್ಬಿಟ್ರೇಟರ್‌ರನ್ನು ನೇಮಿಸಿ ನಡಾವಳಿ ನೋಡಿಕೊಳ್ಳುವ ಖಾಸಗಿ ಸಂಸ್ಥೆ. ಅಲ್ಲಿ ಆರ್ಬಿಟ್ರೇಟರ್ ಶುಲ್ಕ ಗಂಟೆಯ ಲೆಕ್ಕ. ಜಗಳದ ಮೊತ್ತ ಚಿಕ್ಕದು ಅಂತ ಗಂಟೆಗಳು ತಾವಾಗಿ ಕಡಿಮೆಯಾಗುವುದಿಲ್ಲ. ಮುಂಗಡವಾಗಿ ಠೇವಣಿ ಕೇಳುತ್ತಾರೆ. ಎದುರಿನವರು ತಮ್ಮ ಪಾಲು ಕಟ್ಟದೆ ಕೂತರೆ, ಕೇಸು ಮುಂದೆ ಹೋಗಬೇಕೆಂದಿದ್ದರೆ ಅದನ್ನೂ ನೀವೇ ಕಟ್ಟಬೇಕಾಗಬಹುದು, ಗೆದ್ದರೆ ವಾಪಸು ಕೇಳಬಹುದು. ಜೊತೆಗೆ ಇಂಗ್ಲೆಂಡಿನ ಕಾನೂನು ಬಲ್ಲ ವಕೀಲರು ಬೇಕು. ಗೆದ್ದ ಮೇಲೆ ಹಾದಿ ಸುಗಮ ಅನ್ನುವುದು ನಿಜ: ಕಂಪನಿ ಅಲ್ಲಿಯದೇ, ಆಸ್ತಿ ಅಲ್ಲಿಯದೇ, ಐತೀರ್ಪೂ ಅಲ್ಲಿಯದೇ. ಆದರೆ 12,000 ಪೌಂಡಿಗಾಗಿ ಅಲ್ಲಿವರೆಗೆ ಹೋಗುವವರು ವಿರಳ. ಇದು ಕಂಪನಿಗೂ ಗೊತ್ತು. ಬಿಲ್ಲು ತಡೆದವರ ಧೈರ್ಯ ಹುಟ್ಟುವುದೇ ಅಲ್ಲಿ.

ಸೀಟ್ ಬೆಂಗಳೂರು ಅಂತ ಇದ್ದರೆ ಚಿತ್ರ ಬೇರೆ. ನೀವು ಇಲ್ಲಿಂದಲೇ 21ನೇ ಸೆಕ್ಷನ್ ಪ್ರಕಾರ ನೋಟಿಸು ಕಳಿಸುತ್ತೀರಿ. ಅದು ಅವರ ಕೈ ಸೇರಿದ ದಿನ ಆರ್ಬಿಟ್ರೇಷನ್ ಶುರುವಾದಂತೆ. ಇಲ್ಲಿ ಒಂದು ಗುಂಡಿ ಇದೆ, ಬೆಂಗಳೂರು ಅಂತ ಬರೆಸಿಕೊಂಡವರೂ ಬೀಳುವ ಗುಂಡಿ. ಯಾವ ಸಂಸ್ಥೆಯ ಹೆಸರೂ ಬರೆಯದೆ, ಇಬ್ಬರೂ ಸೇರಿ ಆರ್ಬಿಟ್ರೇಟರ್‌ರನ್ನು ನೇಮಿಸುವುದು ಅಂತಷ್ಟೇ ಬಿಟ್ಟಿದ್ದೀರಿ ಅನ್ನಿ. ಅವರು ಒಪ್ಪದೆ ಸುಮ್ಮನಿದ್ದರೆ 11ನೇ ಸೆಕ್ಷನ್ ಕೆಳಗೆ ನೇಮಕಕ್ಕೆ ಅರ್ಜಿ ಹಾಕಬೇಕು. ಒಂದು ಪಕ್ಷ ವಿದೇಶಿಯಾದ್ದರಿಂದ ಇದು ಅಂತರರಾಷ್ಟ್ರೀಯ ವಾಣಿಜ್ಯ ಆರ್ಬಿಟ್ರೇಷನ್. ಆ ಅರ್ಜಿ ಹೈಕೋರ್ಟಿಗೆ ಅಲ್ಲ, ದೆಹಲಿಯ ಸುಪ್ರೀಂ ಕೋರ್ಟಿಗೆ ಹೋಗಬೇಕು. ಕಲಮಿನಲ್ಲೇ ಒಂದು ಸಂಸ್ಥೆಯನ್ನು ಹೆಸರಿಸಿ, ನೇಮಕ ಅದರದ್ದು ಅಂತ ಬರೆದರೆ ಈ ಪಾಡು ತಪ್ಪುತ್ತದೆ. ಬೆಂಗಳೂರಿನಲ್ಲಿ ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲೇ ಒಂದು ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಸೆಂಟರ್ ಇದೆ, ಅದಕ್ಕೆ ತನ್ನದೇ ನಿಯಮಗಳೂ ಶುಲ್ಕದ ಪಟ್ಟಿಯೂ ಇವೆ. ಸಹಿಗೆ ಮುನ್ನ ಆ ಪಟ್ಟಿಯಲ್ಲಿ ನಿಮ್ಮ ಮೊತ್ತಕ್ಕೆ ಎಷ್ಟು ಬೀಳುತ್ತದೆ ಅಂತ ನೋಡಿಕೊಳ್ಳಿ.

ಹಾಗೆ ಬಂದ ಐತೀರ್ಪನ್ನು ಕಂಪನಿ ಪ್ರಶ್ನಿಸಬೇಕೆಂದರೆ ಕರ್ನಾಟಕ ಹೈಕೋರ್ಟಿಗೆ ಬರಬೇಕು. ಓಡಾಟದ ಭಾರ ಅವರ ಹೆಗಲಿಗೆ ಹೋಯಿತು. ನೀವು ಹಣ ವಸೂಲಿಗೆ ಇಂಗ್ಲೆಂಡಿಗೆ ಹೋಗಲೇಬೇಕು, ಏಕೆಂದರೆ ಅವರ ಬ್ಯಾಂಕ್ ಖಾತೆ ಇರುವುದು ಅಲ್ಲಿ. ಆದರೆ ಅದು ಹೊಸ ಜಗಳವಲ್ಲ. 1958ರ ನ್ಯೂಯಾರ್ಕ್ ಕನ್ವೆನ್ಷನ್‌ಗೆ ಭಾರತವೂ ಬ್ರಿಟನ್ನೂ ಸೇರಿವೆ. ಬೆಂಗಳೂರಿನ ಐತೀರ್ಪನ್ನು ಮತ್ತು ಒಪ್ಪಂದವನ್ನು ಅಲ್ಲಿನ ಕೋರ್ಟಿನ ಮುಂದಿಟ್ಟರೆ, ನಿಮ್ಮ ವರದಿ ಚೆನ್ನಾಗಿತ್ತೇ ಇಲ್ಲವೇ ಅಂತ ಅವರು ಮತ್ತೆ ತೂಗುವುದಿಲ್ಲ. ನೋಟಿಸು ಸರಿಯಾಗಿ ಕೊಟ್ಟಿತ್ತೇ, ಒಪ್ಪಂದ ಊರ್ಜಿತವೇ ಅನ್ನುವಂಥ ಕೆಲವೇ ಆಕ್ಷೇಪಗಳಿಗೆ ಕಿವಿಗೊಡುತ್ತಾರೆ. ಲಂಡನ್ ಕಂಪನಿಯಿಂದ ಹಣ ವಸೂಲಾಗಬೇಕಾದರೆ ಸೀಟೂ ಲಂಡನ್ನೇ ಆಗಿರಬೇಕು ಅನ್ನುವ ವಾದ ಬಂದರೆ ನೀವು ಕೊಡಬೇಕಾದ ಉತ್ತರ ಇದೇ.

ಸರಿ, ಸೀಟ್ ಲಂಡನ್ ಅನ್ನುವ ವಾಕ್ಯವನ್ನು ಹೊಡೆದುಹಾಕಿ ಉಳಿದದ್ದು ಹಾಗೇ ಇರಲಿ ಅನ್ನೋಣವೇ? ಬೇಡ. ಎಲ್‌ಸಿಐಎ ನಿಯಮಗಳ 16ನೇ ಕಲಮು, ಪಾರ್ಟಿಗಳು ಸೀಟ್ ಬರೆಯದಿದ್ದರೆ ಲಂಡನ್ನೇ ಸೀಟ್ ಅಂತ ಹೇಳುತ್ತದೆ. ಮುಂಬಾಗಿಲಿನಿಂದ ಕಳಿಸಿದ್ದು ಹಿತ್ತಲಿನಿಂದ ಒಳಗೆ ಬರುತ್ತದೆ. ಸೀಟ್ ಜಾಗದಲ್ಲಿ ಬೆಂಗಳೂರು ಅಂತ ಬರೆಯಿಸಲೇಬೇಕು, ಸಾಧ್ಯವಾದರೆ ಸಂಸ್ಥೆಯನ್ನೂ ಬದಲಾಯಿಸಬೇಕು. ಇನ್ನು ಕೆಲವರು ಸುಲಭದ ದಾರಿ ಅಂತ, ಸೀಟ್ ಲಂಡನ್ ಇರಲಿ, ಕೆಳಗೆ ಬೆಂಗಳೂರು ಕೋರ್ಟಿಗೆ ಮಾತ್ರ ಅಧಿಕಾರ ಅಂತ ಇನ್ನೊಂದು ಸಾಲು ಸೇರಿಸಿ ಅನ್ನುತ್ತಾರೆ. ಎರಡು ದಿಕ್ಕಿಗೆ ಎಳೆಯುವ ಅಂಥ ಕಲಮು ಇದ್ದರೆ ನಿಮ್ಮ ಬಿಲ್ಲಿನ ವಿಷಯಕ್ಕೆ ಬರುವ ಮೊದಲು ಯಾವ ಕೋರ್ಟು ಅನ್ನುವುದೇ ಒಂದು ಕೇಸಾಗುತ್ತದೆ.

ನಾನಾದರೆ ಕಂಪನಿಗೆ ಹೀಗೆ ಬರೆಯಲು ಹೇಳುತ್ತೇನೆ. ಕರಾರಿಗೆ ಇಂಗ್ಲೆಂಡ್ ಮತ್ತು ವೇಲ್ಸಿನ ಕಾನೂನು ಅನ್ವಯ. ಇದನ್ನು ಅವರ ಸಮಾಧಾನಕ್ಕೆ ಬಿಟ್ಟುಕೊಟ್ಟಿದ್ದೀರಿ. ಈ ಕರಾರಿನಿಂದ ಹುಟ್ಟುವ ಎಲ್ಲ ವಿವಾದಗಳನ್ನು ಇಂಥ ಸೆಂಟರಿನ ನಿಯಮದಂತೆ, ಆ ಸೆಂಟರು ನೇಮಿಸುವ ಒಬ್ಬರೇ ಆರ್ಬಿಟ್ರೇಟರ್ ಅಂತಿಮವಾಗಿ ತೀರ್ಮಾನಿಸತಕ್ಕದ್ದು. ಸೀಟ್ ಬೆಂಗಳೂರು. ಆರ್ಬಿಟ್ರೇಷನ್ ಒಪ್ಪಂದಕ್ಕೆ ಅನ್ವಯಿಸುವ ಕಾನೂನು ಭಾರತದ್ದು. ಭಾಷೆ ಇಂಗ್ಲಿಷ್, ವಿಚಾರಣೆ ವಿಡಿಯೊ ಮೂಲಕ ನಡೆಯಬಹುದು. ಒಬ್ಬರೇ ಅನ್ನುವುದು ಖರ್ಚಿನ ಕಾರಣಕ್ಕೆ. ಮೂವರಾದರೆ ಮೂವರ ಶುಲ್ಕ, ಮೂವರ ದಿನಾಂಕ ಹೊಂದಿಸುವ ಕಾಲ. ನೇಮಕವನ್ನು ಕಂಪನಿಯ ಕೈಗೆ ಕೊಡಬೇಡಿ. ತೀರ್ಪಿನಲ್ಲಿ ಹಿತಾಸಕ್ತಿ ಇರುವವರೇ ಏಕಪಕ್ಷೀಯವಾಗಿ ಏಕೈಕ ಆರ್ಬಿಟ್ರೇಟರ್‌ರನ್ನು ನೇಮಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ, ಆದರೂ ಹಳೆಯ ನಮೂನೆಗಳಲ್ಲಿ ಆ ಸಾಲು ಇನ್ನೂ ಉಳಿದಿರುತ್ತದೆ.

ಆರ್ಬಿಟ್ರೇಷನ್ ಒಪ್ಪಂದಕ್ಕೆ ಅನ್ವಯಿಸುವ ಕಾನೂನು ಅನ್ನುವ ಸಾಲು ನಿಮಗೆ ಹೊಸದಾಗಿ ಕಾಣಬಹುದು. ಕರಾರಿನೊಳಗೆ ಕೂತಿದ್ದರೂ ಆರ್ಬಿಟ್ರೇಷನ್ ಕಲಮನ್ನು ಕಾನೂನು ಒಂದು ಬೇರೆ ಒಪ್ಪಂದ ಅಂತಲೇ ನೋಡುತ್ತದೆ. ಕರಾರು ರದ್ದಾದರೂ ಅದು ಉಳಿಯುತ್ತದೆ. ಹಾಗಿದ್ದ ಮೇಲೆ, ಈ ವಿವಾದ ಕಲಮಿನ ವ್ಯಾಪ್ತಿಗೆ ಬರುತ್ತದೆಯೇ, ಕಲಮು ಊರ್ಜಿತವೇ ಅನ್ನುವುದನ್ನು ಯಾವ ಕಾನೂನಿನಿಂದ ನೋಡಬೇಕು? ಕರಾರಿಗೆ ಒಂದು ದೇಶದ ಕಾನೂನು, ಸೀಟ್ ಇನ್ನೊಂದು ದೇಶ ಆದಾಗ ಈ ಪ್ರಶ್ನೆ ಏಳುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಕೊನೆಗೆ 2025ರ ಹೊಸ ಆರ್ಬಿಟ್ರೇಷನ್ ಕಾಯ್ದೆ, ಬೇರೆ ಏನನ್ನೂ ಸ್ಪಷ್ಟವಾಗಿ ಬರೆಯದಿದ್ದರೆ ಸೀಟಿನ ಕಾನೂನೇ ಅನ್ವಯ ಅಂತ ನಿಗದಿ ಮಾಡಿತು. ಆ ವರ್ಷದ ಆಗಸ್ಟ್ 1ರಿಂದ ಅದು ಜಾರಿಯಲ್ಲಿದೆ. ನಮ್ಮಲ್ಲಿ ಅಂಥ ಸಾಲು ಕಾಯ್ದೆಯಲ್ಲಿಲ್ಲ, ಆದ್ದರಿಂದ ಒಂದೇ ಸಾಲಿನಲ್ಲಿ ಬರೆದುಬಿಡುವುದು ಕ್ಷೇಮ.

ಅವರು ಸೀಟ್ ಬಿಟ್ಟುಕೊಡುವುದೇ ಇಲ್ಲ ಅಂದರೆ? ದೊಡ್ಡ ಕಂಪನಿಗಳ ನಮೂನೆ ಅಲುಗಾಡುವುದು ಕಷ್ಟ, ಅದು ನನಗೂ ಗೊತ್ತು. ಆಗ ಆರ್ಬಿಟ್ರೇಷನ್ ಬೇಕಾಗುವ ಸಂದರ್ಭವನ್ನೇ ಕಿರಿದು ಮಾಡಿ. ತಿಂಗಳ ಮೊದಲಿಗೇ ಆ ತಿಂಗಳ ಫೀಸು, ಬಿಲ್ಲು ಬಂದು ಹತ್ತು ದಿನದೊಳಗೆ ಲಿಖಿತವಾಗಿ ಆಕ್ಷೇಪಿಸದಿದ್ದರೆ ಒಪ್ಪಿದಂತೆ, ಹದಿನೈದು ದಿನ ಬಾಕಿಯಾದರೆ ನೀವು ಕೆಲಸ ನಿಲ್ಲಿಸಬಹುದು, ಈ ಮೂರನ್ನು ಪೇಮೆಂಟ್ ಕಲಮಿನಲ್ಲಿ ಹಾಕಿಸಿ. ಆಗ ನಿಮ್ಮ ಬಾಕಿ 12,000ಕ್ಕೆ ಏರುವ ಮೊದಲೇ ನಿಲ್ಲುತ್ತದೆ. ಲಂಡನ್ ಸೀಟಿನ ಜೊತೆಗಾದರೂ ಒಬ್ಬರೇ ಆರ್ಬಿಟ್ರೇಟರ್, ಬರೀ ದಾಖಲೆಗಳ ಮೇಲೆ ತೀರ್ಮಾನ ಅನ್ನುವುದನ್ನು ಕೇಳಿ. ಇಲ್ಲಿನ ಹೈಕೋರ್ಟಿನಲ್ಲಿ 9ನೇ ಸೆಕ್ಷನ್ ಕೆಳಗೆ ತಾತ್ಕಾಲಿಕ ಆದೇಶ ಕೇಳುವ ಹಕ್ಕು 2015ರ ತಿದ್ದುಪಡಿಯ ನಂತರ ವಿದೇಶಿ ಸೀಟಿನವರಿಗೂ ಉಂಟು. ಆದರೆ ಅವರ ಹಣವಾಗಲಿ ಆಸ್ತಿಯಾಗಲಿ ಇಲ್ಲಿದ್ದರೆ ಮಾತ್ರ ಅದರಿಂದ ಪ್ರಯೋಜನ.

ಹಾಗೆಯೇ ಅಗ್ರಿಮೆಂಟಿನ ಮೊದಲ ಪುಟಕ್ಕೆ ಹೋಗಿ, ಸಹಿ ಹಾಕುವ ಕಂಪನಿಯ ಪೂರ್ತಿ ಹೆಸರು ನೋಡಿ. ಮಾತುಕತೆ ಲಂಡನ್ನಿನವರದ್ದು, ಸಹಿ ಮಾತ್ರ ಅವರ ಭಾರತೀಯ ಅಂಗಸಂಸ್ಥೆಯದ್ದು ಅನ್ನುವುದು ಬಹಳ ಸಾಮಾನ್ಯ. ಹಾಗಿದ್ದರೆ ಇಬ್ಬರೂ ಭಾರತೀಯ ಪಾರ್ಟಿಗಳು. ಸೀಟ್ ಇಲ್ಲಿದ್ದರೆ 28ನೇ ಸೆಕ್ಷನ್ ಪ್ರಕಾರ ತೀರ್ಮಾನವೂ ಭಾರತದ ಕಾನೂನಿನಂತೆಯೇ ಆಗಬೇಕು, ಇಂಗ್ಲೆಂಡಿನ ಕಾನೂನು ಅಂತ ಬರೆದ ಸಾಲು ಅಲ್ಲಿ ನಿಲ್ಲುವುದಿಲ್ಲ. ಜೊತೆಗೆ ನೀವು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾದರೆ 2006ರ ಎಂಎಸ್‌ಎಂಇಡಿ ಕಾಯ್ದೆಯ 18ನೇ ಸೆಕ್ಷನ್ ಕೆಳಗೆ, ಸಣ್ಣ ಉದ್ಯಮಗಳ ಬಾಕಿ ಹಣದ ವಿವಾದ ನೋಡುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗಬಹುದು, ಆರ್ಬಿಟ್ರೇಷನ್ ಕಲಮು ಅದಕ್ಕೆ ಅಡ್ಡಿಯಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನೋಂದಣಿ ಇನ್ನೂ ಮಾಡಿಸಿರದಿದ್ದರೆ ಸಹಿಗೆ ಮುಂಚೆ ಮಾಡಿಸಿ, ಆಮೇಲೆ ಮಾಡಿಸಿದರೆ ತಕರಾರು ಬರುತ್ತದೆ.

ಕಡೆಯದಾಗಿ ನೋಟಿಸ್ ಕಲಮು. ಅದರಲ್ಲಿ ನಿಮ್ಮ ಹೆಸರಿನ ಮುಂದೆ ಯಾವ ಇಮೇಲ್, ಯಾವ ವಿಳಾಸ ಇದೆ ನೋಡಿ. ಕೆಲಸ ಸರಿಯಾಗಿಲ್ಲ ಅಂತ ಅವರೇ ನಿಮ್ಮ ಮೇಲೆ ಆರ್ಬಿಟ್ರೇಷನ್ ಹೂಡಿದರೆ ಮೊದಲ ಕಾಗದ ಬರುವುದು ಅಲ್ಲಿಗೆ. ಲಂಡನ್ನಿನಿಂದ ಬಂದದ್ದು, ನಮಗೇನು ಅಂತ ಬಿಟ್ಟರೆ ನಿಮ್ಮ ಗೈರುಹಾಜರಿಯಲ್ಲೇ ಐತೀರ್ಪು ಆಗಬಹುದು. ಅದನ್ನು ತಂದು ನಮ್ಮ ಹೈಕೋರ್ಟಿನಲ್ಲೇ ನಿಮ್ಮ ಆಸ್ತಿಯ ಮೇಲೆ ಜಾರಿ ಮಾಡಿಸುವ ದಾರಿ ಅವರಿಗಿದೆ, ಆಗ ಕೆಲಸ ಚೆನ್ನಾಗಿತ್ತು ಅನ್ನುವ ವಾದಕ್ಕೆ ಅಲ್ಲಿ ಅವಕಾಶವಿಲ್ಲ. ದಿನಾ ತೆರೆದು ನೋಡುವ ಇಮೇಲನ್ನೇ ಅಲ್ಲಿ ಬರೆಯಿಸಿ. 17ನೇ ಕಲಮಿನ ತಿದ್ದಿದ ಪ್ರತಿ ವಾಪಸು ಬಂದ ಮೇಲೆ, ಸಹಿಗೆ ಮೊದಲು ಸೀಟ್ ಅನ್ನುವ ಪದ ಇಡೀ ಅಗ್ರಿಮೆಂಟಿನಲ್ಲಿ, ಅನುಬಂಧಗಳಲ್ಲೂ, ಎಲ್ಲೆಲ್ಲಿ ಬಂದಿದೆ ಅಂತ ಒಮ್ಮೆ ಹುಡುಕಿ ನೋಡಿ. ಎಲ್ಲ ಕಡೆಯೂ ಒಂದೇ ಊರಿನ ಹೆಸರು ಇರಬೇಕು.